ನೋವು ಕಡಿಮೆಯಾಯಿತು ಅಂತ ಮನೆಗೆ ಕರೆತಂದೆವು

ಪ್ರಶ್ನೆ: ಡಾಕ್ಟ್ರೇ, ನನ್ನ ಅಕ್ಕನ ಮಗನಿಗೆ 16 ವರ್ಷ. ಒಂದು ಭಾನುವಾರ ರಾತ್ರಿ ಹತ್ತು ಗಂಟೆಗೆ ಹೊಕ್ಕುಳ ಸುತ್ತ ನೋವು ಶುರುವಾಯಿತು. ಮಧ್ಯಾಹ್ನ ಹಲಸಿನ ಹಣ್ಣು ತಿಂದಿದ್ದ, ಅದಕ್ಕೇ ಇರಬೇಕು ಅಂದುಕೊಂಡೆವು. ಎರಡು ಸಲ ವಾಂತಿಯಾಯಿತು. ಬೆಳಿಗ್ಗೆ ತಿಂಡಿ ಬೇಡ ಅಂದ. ಒಂಬತ್ತು ಗಂಟೆಗೆ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಡಾಕ್ಟರು ಬಲಗಡೆ ಕೆಳಹೊಟ್ಟೆ ಒತ್ತಿದಾಗ ಮುಖ ಹಿಂಡಿದ. ಸ್ಕ್ಯಾನಿಂಗ್‌ನಲ್ಲಿ ಅಪೆಂಡಿಕ್ಸ್ ಕಾಣಲಿಲ್ಲ ಅಂತ ಬಂತು. ಸಂಜೆವರೆಗೆ ಇರಿ, ಮತ್ತೆ ನೋಡೋಣ ಅಂದರು. ಇಂಜೆಕ್ಷನ್‌ಗೆ ನೋವು ಕಡಿಮೆಯಾಯಿತು, ತೋಟಕ್ಕೆ ಔಷಧಿ ಹೊಡೆಯುವ ಕೆಲಸ ಬೇರೆ ಇತ್ತು, ಮನೆಗೆ ಬಂದೆವು. ಸಂಜೆ ನೋವು ಬಲಕ್ಕೆ ಇಳಿಯಿತು, ಮೈ ಬೆಚ್ಚಗಾಯಿತು. ಮಂಗಳವಾರ ನಸುಕಿಗೆ ನಾಲ್ಕರ ಹೊತ್ತಿಗೆ ನೋವೇ ಇಲ್ಲ ಅಂತ ಮಲಗಿದ. ಮಧ್ಯಾಹ್ನ ಹೊಟ್ಟೆಯೆಲ್ಲ ಕಲ್ಲಿನ ಹಾಗೆ. ಶಿವಮೊಗ್ಗಕ್ಕೆ ತಂದು ಆಪರೇಷನ್ ಮಾಡಿಸಿದೆವು. ಒಡೆದಿತ್ತಂತೆ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಸ್ಕ್ಯಾನಿಂಗ್ ತಪ್ಪಾಗಿತ್ತಾ? ಒಂದು ದಿನ ತಡವಾಗಿದ್ದಕ್ಕೆ ಇಷ್ಟೆಲ್ಲ ಆಯಿತಾ? ಮಾತ್ರೆಯಲ್ಲೇ ವಾಸಿಯಾಗುತ್ತದೆ ಅಂತಲೂ ಹೇಳ್ತಾರಲ್ಲ? ರಿಪೋರ್ಟ್‌ಗಳನ್ನು ಜೊತೆಗೆ ಕಳಿಸಿದ್ದೇನೆ.
– ಹೊಸನಗರ ತಾಲ್ಲೂಕಿನ ಓದುಗರು

ಉತ್ತರ: ರಿಪೋರ್ಟ್‌ಗಳನ್ನೆಲ್ಲ ನೋಡಿದೆ. ಸ್ಕ್ಯಾನಿಂಗ್ ತಪ್ಪಾಗಿರಲಿಲ್ಲ. ಅದರಲ್ಲಿ ಬರೆದಿದ್ದು "ಅಪೆಂಡಿಕ್ಸ್ ಕಾಣಲಿಲ್ಲ, ಕರುಳಲ್ಲಿ ಗ್ಯಾಸ್ ಇದೆ" ಅಂತ. ಅಪೆಂಡಿಕ್ಸ್ ಚೆನ್ನಾಗಿದೆ ಅಂತ ಯಾರೂ ಬರೆದಿಲ್ಲ. ಎರಡಕ್ಕೂ ತುಂಬ ವ್ಯತ್ಯಾಸವಿದೆ.

ಅಪೆಂಡಿಕ್ಸ್ ಅಂದರೆ ದೊಡ್ಡ ಕರುಳಿನ ಶುರುವಿನಲ್ಲಿ ಜೋತುಬಿದ್ದಿರುವ, ಒಂದು ತುದಿ ಮುಚ್ಚಿದ ಸಣ್ಣ ಕೊಳವೆ. ಉದ್ದ ಸಾಮಾನ್ಯವಾಗಿ ಒಂದು ಬೆರಳಿನಷ್ಟು. ಸ್ಕ್ಯಾನ್ ಮಾಡುವವರು ಪ್ರೋಬನ್ನು ಬಲ ಕೆಳಹೊಟ್ಟೆ ಮೇಲಿಟ್ಟು ಮೆಲ್ಲಗೆ ಒತ್ತುತ್ತಾ ಹೋಗುತ್ತಾರೆ. ಒತ್ತಿದಾಗ ಗ್ಯಾಸ್ ಪಕ್ಕಕ್ಕೆ ಸರಿಯುತ್ತದೆ, ಮಾಮೂಲಿ ಕರುಳು ಚಪ್ಪಟೆಯಾಗುತ್ತದೆ. ಊದಿದ ಅಪೆಂಡಿಕ್ಸ್ ಮಾತ್ರ ಚಪ್ಪಟೆಯಾಗುವುದಿಲ್ಲ. ಅದರ ದಪ್ಪ 6 ಮಿಲಿಮೀಟರ್ ದಾಟಿದ್ದು, ಒತ್ತಿದಾಗ ಅಲ್ಲೇ ನೋವೂ ಆದರೆ ಅನುಮಾನ ಬಲವಾಗುತ್ತದೆ. ಆದರೆ ಹೊಟ್ಟೆ ತುಂಬ ಗ್ಯಾಸ್ ಇದ್ದರೆ, ರೋಗಿ ದಪ್ಪಗಿದ್ದರೆ, ಅಪೆಂಡಿಕ್ಸ್ ಕರುಳಿನ ಹಿಂದೆ ಅಡಗಿದ್ದರೆ ಅದು ಕಾಣದೇ ಹೋಗಬಹುದು. ಹಾಗಾದಾಗ ಸ್ಕ್ಯಾನಿಂಗ್ ಏನೂ ಹೇಳಲಿಲ್ಲ ಅಂತಷ್ಟೇ ತಿಳಿಯಬೇಕು. ಮುಂದಿನ ತೀರ್ಮಾನ ಡಾಕ್ಟರ ಕೈ ಮತ್ತು ಗಡಿಯಾರದ ಮೇಲೆ ನಿಲ್ಲುತ್ತದೆ. ಅಗತ್ಯ ಬಿದ್ದರೆ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ.

ಹಾಗಿದ್ದರೆ ಸ್ಕ್ಯಾನಿಂಗ್ ಯಾಕೆ ಬೇಕು ಅಂತ ಕೇಳಬಹುದು. ಕಂಡರೆ ಅನುಮಾನ ಹೆಚ್ಚುಕಡಿಮೆ ಬಗೆಹರಿಯುತ್ತದೆ. ಅದೇ ನೋವು ಕೊಡುವ ಬೇರೆ ಕಾಯಿಲೆಗಳೂ ಸಿಗುತ್ತವೆ: ಮೂತ್ರನಾಳದ ಕಲ್ಲು, ಮಕ್ಕಳಲ್ಲಿ ಕರುಳಿನ ಗಂಟುಗಳ ಊತ, ಹೆಣ್ಣುಮಕ್ಕಳಲ್ಲಿ ಅಂಡಾಶಯದ ಗುಳ್ಳೆ ಅಥವಾ ಗರ್ಭಕೋಶದ ಹೊರಗೆ ನಿಂತ ಬಸಿರು. ಅದಕ್ಕೇ ಹೆಣ್ಣುಮಕ್ಕಳ ಬಲಗಡೆ ಹೊಟ್ಟೆನೋವಿಗೆ ಸ್ಕ್ಯಾನಿಂಗ್ ಬಿಟ್ಟು ಮುಂದೆ ಹೋಗುವುದು ನನಗೆ ಒಪ್ಪಿಗೆಯಿಲ್ಲ.

ಈಗ ನೋವಿನ ವಿಚಾರ. ಹೊಕ್ಕುಳಲ್ಲಿ ಶುರುವಾಗಿ ಬಲಕ್ಕೆ ಇಳಿಯಿತು ಅಂತ ನೀವೇ ಬರೆದಿದ್ದೀರಿ. ಇದು ಅಪೆಂಡಿಕ್ಸ್‌ನ ಹಳೇ ಗುರುತು. ಮೊದಲು ಕೊಳವೆಯ ಬಾಯಿ ಕಟ್ಟಿಕೊಳ್ಳುತ್ತದೆ. ಒಳಗೆ ಲೋಳೆ ತುಂಬಿ ಅದು ಉಬ್ಬುತ್ತದೆ. ಆ ಉಬ್ಬರದ ಸುದ್ದಿಯನ್ನು ಒಯ್ಯುವ ನರಗಳು ಬೆನ್ನುಹುರಿಯಲ್ಲಿ ಹೊಕ್ಕುಳ ಭಾಗದ ನರಗಳು ಸೇರುವ ಮಟ್ಟಕ್ಕೇ ಬಂದು ಸೇರುತ್ತವೆ. ಹಾಗಾಗಿ ಮಿದುಳಿಗೆ ನೋವು ಹೊಕ್ಕುಳದ್ದು ಅನಿಸುತ್ತದೆ. ಆ ಹೊತ್ತಿಗೆ ರೋಗಿಗೆ ಬೆರಳಿಟ್ಟು ತೋರಿಸಲು ಬರುವುದಿಲ್ಲ, ಅಂಗೈಯನ್ನು ಹೊಟ್ಟೆ ಮೇಲೆ ಸುತ್ತಾಡಿಸುತ್ತಾನೆ. ಹಸಿವು ಹೋಗುತ್ತದೆ, ವಾಂತಿಯಾಗುತ್ತದೆ. ಸಾಮಾನ್ಯವಾಗಿ ನೋವು ಮೊದಲು, ವಾಂತಿ ಆಮೇಲೆ. ವಾಂತಿಯೇ ಮೊದಲು ಬಂದು ಭೇದಿಯೂ ಜೋರಾಗಿದ್ದರೆ ತಿಂದದ್ದರ ಮೇಲೆ ಅನುಮಾನ ಜಾಸ್ತಿ. ಪಾಪ, ನಿಮ್ಮ ಹಲಸಿನ ಹಣ್ಣು ಸುಮ್ನೆ ಬೈಗುಳ ತಿಂದಿದೆ.

ಕೆಲವು ಗಂಟೆ ಕಳೆದ ಮೇಲೆ ಊತ ಅಪೆಂಡಿಕ್ಸ್‌ನ ಹೊರಮೈಗೆ ಬಂದು ಹೊಟ್ಟೆಯ ಒಳಪದರಕ್ಕೆ ತಾಗುತ್ತದೆ. ಆ ಪದರದ ನರಗಳು ಜಾಗವನ್ನು ಸರಿಯಾಗಿ ಹೇಳುತ್ತವೆ. ಬಲ ಸೊಂಟದ ಮುಂದೆ ಕೈಗೆ ಸಿಗುವ ಮೂಳೆಯ ತುದಿಯಿಂದ ಹೊಕ್ಕುಳಿಗೆ ಒಂದು ಗೆರೆ ಎಳೆಯಿರಿ. ಮೂಳೆಯಿಂದ ಮೂರನೇ ಒಂದು ಪಾಲು ದೂರದಲ್ಲಿ ರೋಗಿ ಒಂದೇ ಬೆರಳಿಟ್ಟು ತೋರಿಸುತ್ತಾನೆ. ಕೆಮ್ಮಿದರೆ ಅಲ್ಲೇ ಚುಚ್ಚುತ್ತದೆ. ಗಾಡಿ ಹೊಂಡಕ್ಕೆ ಇಳಿದಾಗೆಲ್ಲ ಅಯ್ಯೋ ಅಂತ ಹೊಟ್ಟೆ ಹಿಡಿದುಕೊಳ್ಳುತ್ತಾನೆ. ನಮ್ಮ ಕಡೆಯ ರಸ್ತೆಯಲ್ಲಿ ಬಂದವರನ್ನು ನಾನು ಮೊದಲು ಕೇಳುವುದೇ ಇದನ್ನು. ಕಲ್ಲಿನ ನೋವಿನವರು ಹಾಸಿಗೆಯಲ್ಲಿ ಹೊರಳಾಡುತ್ತಾರೆ, ಅಪೆಂಡಿಕ್ಸ್‌ನವರು ಬಲಗಾಲು ಮಡಚಿ ಅಲ್ಲಾಡದೆ ಮಲಗಿರುತ್ತಾರೆ. ಆದರೆ ನೋವು ಹೀಗೆ ಕ್ರಮವಾಗಿ ಇಳಿಯುವುದು ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ. ಕರುಳಿನ ಹಿಂದೆ ಅಡಗಿದ್ದರೆ ಸೊಂಟ, ಬೆನ್ನು ನೋಯಬಹುದು. ಕೆಳಗೆ ಇಳಿಬಿದ್ದಿದ್ದರೆ ಭೇದಿ, ಉರಿಮೂತ್ರ ಬರಬಹುದು.

ರಕ್ತದ ಕೌಂಟ್‌ಗೂ ಗಡಿಯಾರದ ನಂಟಿದೆ. ಬಿಳಿ ರಕ್ತಕಣ ಸಾಮಾನ್ಯವಾಗಿ 4,000ದಿಂದ 11,000ದವರೆಗೆ ಇರುತ್ತದೆ. ಸೋಂಕು ಜೋರಾದಂತೆ ಅದು ಏರುತ್ತದೆ, ಅದರಲ್ಲೂ ನ್ಯೂಟ್ರೋಫಿಲ್ ಅನ್ನುವ ಕಣ. ಮೊದಲ ಗಂಟೆಗಳಲ್ಲಿ ಮಾಮೂಲಿಯಾಗಿಯೇ ಇದ್ದರೂ ಆಶ್ಚರ್ಯವಿಲ್ಲ. ಹಾಗಾಗಿ ಒಂದು ಸಲದ ಕೌಂಟ್‌ಗಿಂತ ಕೆಲವು ಗಂಟೆ ಬಿಟ್ಟು ತೆಗೆದ ಎರಡನೆಯದು ಜಾಸ್ತಿ ಹೇಳುತ್ತದೆ. ಮಲೆನಾಡಿನವರಿಗೆ ಇನ್ನೊಂದು ಉಪಯೋಗವಿದೆ. ಮಳೆಗಾಲದ ಡೆಂಗ್ಯೂನಲ್ಲೂ ಬೇಸಿಗೆಯ ಮಂಗನ ಕಾಯಿಲೆಯಲ್ಲೂ ಜ್ವರದ ಜೊತೆ ಹೊಟ್ಟೆನೋವು, ವಾಂತಿ ಬರಬಹುದು. ಅವುಗಳಲ್ಲಿ ಬಿಳಿ ಕಣ ಸಾಮಾನ್ಯವಾಗಿ ಇಳಿಯುತ್ತದೆ, ಪ್ಲೇಟ್‌ಲೆಟ್ಟೂ ಇಳಿಯುತ್ತದೆ. ಅಪೆಂಡಿಕ್ಸ್‌ನಲ್ಲಿ ಬಿಳಿ ಕಣ ಏರುವ ಕಡೆಗೇ ಇರುತ್ತದೆ.

ನಿಮ್ಮ ಹುಡುಗನ ಸೋಮವಾರ ಬೆಳಿಗ್ಗೆಯ ಸ್ಥಿತಿಯನ್ನು ಲೆಕ್ಕ ಹಾಕೋಣ. ಸರ್ಜನ್‌ಗಳು 1986ರಿಂದ ಅಲ್ವರಾಡೊ ಸ್ಕೋರ್ ಅಂತ ಒಂದು ಲೆಕ್ಕ ಬಳಸುತ್ತಾರೆ. ಒಟ್ಟು 10 ಅಂಕ. ತಿಂಡಿ ಬೇಡ ಅಂದದ್ದಕ್ಕೆ 1, ವಾಂತಿಗೆ 1, ಬಲ ಕೆಳಹೊಟ್ಟೆ ಒತ್ತಿದಾಗ ನೋವಿಗೆ 2. ಕೌಂಟ್ 11,200 ಇತ್ತು. ಈ ಲೆಕ್ಕದಲ್ಲಿ 10,000 ದಾಟಿದರೆ 2 ಅಂಕ. ನ್ಯೂಟ್ರೋಫಿಲ್ 72 ಶೇಕಡಾ, 75 ದಾಟಿರಲಿಲ್ಲ, ಹಾಗಾಗಿ ಅದಕ್ಕೆ ಏನೂ ಇಲ್ಲ. ಒಟ್ಟು 6. ನಾಲ್ಕು ಅಥವಾ ಕಡಿಮೆ ಇದ್ದರೆ ಅಪೆಂಡಿಕ್ಸ್ ಇರುವ ಸಂಭವ ಕಡಿಮೆ, ಏಳು ಅಥವಾ ಅದಕ್ಕಿಂತ ಮೇಲಿದ್ದರೆ ಸಂಭವ ಜಾಸ್ತಿ. ಆರು ಅಂದರೆ ಎರಡರ ನಡುವೆ. "ಸಂಜೆವರೆಗೆ ಇರಿ" ಅಂದ ಡಾಕ್ಟರು ಸರಿಯಾಗಿಯೇ ಹೇಳಿದ್ದರು. ಸಂಜೆ ನೋವು ಬಲಕ್ಕೆ ಇಳಿದದ್ದಕ್ಕೆ 1, ಜ್ವರಕ್ಕೆ 1 ಸೇರಿ ಲೆಕ್ಕ 8 ಆಗುತ್ತಿತ್ತು. ಆಸ್ಪತ್ರೆಯಲ್ಲೇ ಇದ್ದಿದ್ದರೆ ಅವತ್ತು ರಾತ್ರಿಯೇ ಸರ್ಜನ್ ಕೈಗೆ ಹೋಗುತ್ತಿದ್ದ.

ಇಂಜೆಕ್ಷನ್ ಕೊಡಬಾರದಿತ್ತು ಅಂತಲ್ಲ. ನೋವು ಕಡಿಮೆಯಾದರೂ ಕಾಯಿಲೆ ಗೊತ್ತುಹಿಡಿಯುವುದಕ್ಕೆ ಅಷ್ಟೇನೂ ಅಡ್ಡಿಯಿಲ್ಲ ಅಂತ ಈಗ ತಿಳಿದಿದೆ. ಆದರೆ ನೋವು ಇಳಿದದ್ದನ್ನೇ ವಾಸಿ ಅಂತ ತಿಳಿದು ಹೊರಟದ್ದು ಮುಳುವಾಯಿತು.

ಅದಕ್ಕಿಂತ ಮೋಸ ಮಾಡಿದ್ದು ಮಂಗಳವಾರ ನಸುಕಿನ ನೆಮ್ಮದಿ. ಉಬ್ಬಿದ ಅಪೆಂಡಿಕ್ಸ್‌ನ ಗೋಡೆಯಲ್ಲಿ ಮೊದಲು ರಕ್ತ ಹೊರಹೋಗುವುದು ಕಟ್ಟುತ್ತದೆ, ಆಮೇಲೆ ಒಳಬರುವುದೂ ಕಟ್ಟುತ್ತದೆ. ಗೋಡೆ ಕಪ್ಪಾಗಿ ತೂತಾಗುತ್ತದೆ. ತೂತಾದ ತಕ್ಷಣ ಒಳಗಿನ ಒತ್ತಡ ಇಳಿಯುತ್ತದೆ, ಆ ನೋವೂ ಇಳಿಯುತ್ತದೆ. ಹುಡುಗ ಮಲಗಿದ. ಕೀವು ಮತ್ತು ಮಲದ ಅಂಶ ಹೊಟ್ಟೆಯೊಳಗೆ ಹರಡಲು ಕೆಲವು ಗಂಟೆ ಬೇಕು. ಆಮೇಲೆ ಹೊಟ್ಟೆಯೆಲ್ಲ ನೋವು, ಬಿಗಿತ, ಜ್ವರ. ಮದ್ದು ಕೊಡದೆ ಒಮ್ಮೆಲೇ ನಿಂತ ನೋವು ನನಗೆ ಜೋರು ನೋವಿಗಿಂತ ಹೆಚ್ಚು ಹೆದರಿಕೆ ತರುತ್ತದೆ.

ನೋವು ಶುರುವಾಗಿ ಮೊದಲ ಒಂದೂವರೆ ದಿನದಲ್ಲಿ ಒಡೆಯುವುದು ಸಾಮಾನ್ಯವಾಗಿ ಕಡಿಮೆ, ಆಮೇಲೆ ಅಪಾಯ ಏರುತ್ತಾ ಹೋಗುತ್ತದೆ. ನಿಮ್ಮ ಹುಡುಗನದು ಸುಮಾರು 30 ಗಂಟೆಗೇ ಒಡೆದಂತಿದೆ. ಕಾರಣ ಡಿಸ್ಚಾರ್ಜ್ ಸಮ್ಮರಿಯಲ್ಲೇ ಸಿಗುತ್ತದೆ: ಕೊಳವೆಯ ಬಾಯಲ್ಲಿ ಫೀಕಲಿತ್, ಅಂದರೆ ಗಟ್ಟಿಯಾದ ಮಲದ ಹರಳು, ಕೂತಿತ್ತು. ಹರಳಿದ್ದವರಲ್ಲಿ ಒಡೆಯುವ ಸಂಭವ ಜಾಸ್ತಿ.

ಹಾಗಂತ ಅಪೆಂಡಿಕ್ಸ್ ಅಂದ ಕೂಡಲೇ ಮಧ್ಯರಾತ್ರಿಯೇ ಕೊಯ್ಯಬೇಕು ಅಂತಿಲ್ಲ. ಒಡೆಯದೇ ಇರುವುದಾದರೆ ಆಸ್ಪತ್ರೆಯಲ್ಲಿ ಡ್ರಿಪ್, ಆಂಟಿಬಯಾಟಿಕ್ ಹಾಕಿ ಬೆಳಿಗ್ಗೆವರೆಗೆ, ಹೆಚ್ಚೆಂದರೆ 24 ಗಂಟೆಯೊಳಗೆ ಆಪರೇಷನ್ ಮಾಡಿದರೆ ತೊಂದರೆ ಹೆಚ್ಚುವುದಿಲ್ಲ. ಅಲ್ಲಿ ಪದೇ ಪದೇ ಹೊಟ್ಟೆ ಮುಟ್ಟಿ ನೋಡುವವರಿರುತ್ತಾರೆ. ಮನೆಯಲ್ಲಿ ಓಮದ ಕಷಾಯ, ಬಟ್ಟಿ ಬಿದ್ದಿದೆ ಅಂತ ಹೊಟ್ಟೆ ನೀವಿಸುವುದು, ಹರಳೆಣ್ಣೆ ಕುಡಿಸುವುದು ಬೇರೆಯೇ ಲೆಕ್ಕ. ನೀವುವುದು ಮತ್ತು ಭೇದಿ ಮಾಡಿಸುವುದು ಖಂಡಿತ ಬೇಡ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಶಿವಮೊಗ್ಗ ತಲುಪುವುದಕ್ಕೇ ಅರ್ಧ ದಿನ ಬೇಕಾಗಬಹುದು. ಆ ಗಂಟೆಗಳನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ದಾರಿಯಲ್ಲಿ ಕಾಫಿ, ತಿಂಡಿ ಕೊಡಬೇಡಿ. ಅರಿವಳಿಕೆ ಕೊಡುವುದಕ್ಕೆ ಹೊಟ್ಟೆ ಖಾಲಿ ಇರಬೇಕು, ತಿಂದಿದ್ದರೆ ಸಾಮಾನ್ಯವಾಗಿ ಆರು ಗಂಟೆ ಕಾಯಿಸುತ್ತಾರೆ.

ಮಾತ್ರೆಯ ಮಾತು ಪೂರ್ತಿ ಸುಳ್ಳಲ್ಲ. 2020ರಲ್ಲಿ ಪ್ರಕಟವಾದ ಅಮೆರಿಕದ ಕೋಡಾ ಅಧ್ಯಯನದಲ್ಲಿ ಬರೀ ಆಂಟಿಬಯಾಟಿಕ್ ಪಡೆದ ದೊಡ್ಡವರಲ್ಲಿ ಹತ್ತಕ್ಕೆ ಏಳು ಜನರಿಗೆ ಮೊದಲ 90 ದಿನ ಆಪರೇಷನ್ ಬೇಕಾಗಲಿಲ್ಲ. ಉಳಿದ ಮೂವರಿಗೆ ಬೇಕಾಯಿತು. ಹರಳಿದ್ದವರಲ್ಲಿ ಅದು ಹತ್ತಕ್ಕೆ ನಾಲ್ಕು. ಇದೆಲ್ಲ ಸ್ಕ್ಯಾನ್‌ನಲ್ಲಿ ಕಾಯಿಲೆ ಖಚಿತವಾಗಿ, ಡಾಕ್ಟರ ಕಣ್ಣಳತೆಯಲ್ಲಿದ್ದವರ ಮಾತು. ಹರಳಿದ್ದ, ರಾತ್ರಿ ಮತ್ತೆ ನೋವು ಬಂದರೆ ಆಸ್ಪತ್ರೆ ದೂರವಿರುವ ಹುಡುಗನಿಗೆ ನಾನು ಆ ದಾರಿ ಹೇಳುತ್ತಿರಲಿಲ್ಲ.

ಒಡೆಯುವ ಮೊದಲಾಗಿದ್ದರೆ ಲ್ಯಾಪರೊಸ್ಕೋಪಿ ಆಗಿ ಎರಡು ಮೂರು ದಿನಕ್ಕೆ ಮನೆಗೆ ಬರುತ್ತಿದ್ದ. ಈಗ ಹೊಟ್ಟೆ ತೊಳೆದು ಕೀವು ತೆಗೆದಿದ್ದಾರೆ. ಹಾಗಾಗಿ ಮುಂದಿನ ಕೆಲವು ವಾರ ಎರಡು ವಿಷಯ ಗಮನಿಸಿ. ಜ್ವರ ಮತ್ತೆ ಬಂದರೆ, ಅಥವಾ ಲೋಳೆ ಲೋಳೆಯಾಗಿ ಸ್ವಲ್ಪ ಸ್ವಲ್ಪ ಭೇದಿಯಾಗಿ ಮತ್ತೆ ಮತ್ತೆ ಹೋಗಬೇಕು ಅನಿಸಿದರೆ ಕೆಳಹೊಟ್ಟೆಯಲ್ಲಿ ಕೀವು ಉಳಿದಿರಬಹುದು, ಸ್ಕ್ಯಾನ್ ಮಾಡಿಸಬೇಕು. ಇನ್ನೊಂದು ವರ್ಷಗಳ ನಂತರವೂ ಬರಬಹುದು: ಒಳಗೆ ಕರುಳು ಒಂದಕ್ಕೊಂದು ಅಂಟಿಕೊಂಡು ದಾರಿ ಕಟ್ಟುವುದು. ಹಿಂಡುವ ನೋವು, ವಾಂತಿ, ಹೊಟ್ಟೆ ಉಬ್ಬುವುದು, ಗಾಳಿಯೂ ಹೋಗದಿರುವುದು ಅದರ ಗುರುತು. ಆಗ ಈ ಡಿಸ್ಚಾರ್ಜ್ ಸಮ್ಮರಿ ಹಿಡಿದೇ ಆಸ್ಪತ್ರೆಗೆ ಹೋಗಬೇಕು. ತೆಗೆದ ಅಪೆಂಡಿಕ್ಸನ್ನು ಲ್ಯಾಬಿಗೆ ಕಳಿಸಿರುತ್ತಾರೆ. ಆ ಬಯಾಪ್ಸಿ ರಿಪೋರ್ಟ್ ನೀವು ಕಳಿಸಿದ್ದರಲ್ಲಿ ಇರಲಿಲ್ಲ. ಹೊಲಿಗೆ ತೋರಿಸಲು ಹೋದಾಗ ಕೇಳಿ ತೆಗೆದುಕೊಳ್ಳಿ. ಅಪರೂಪಕ್ಕೆ ಅದರಲ್ಲಿ ಸಣ್ಣ ಗೆಡ್ಡೆ ಸಿಗುವುದುಂಟು.