ಬೋರ್ಡ್ ಮೇಲೊಂದು ಹೆಸರು, ಬಿಲ್ ಮೇಲೊಂದು ಹೆಸರು: ನೋಟಿಸ್ ಯಾರಿಗೆ?

ಪ್ರಶ್ನೆ: ಮೈಸೂರಿನಲ್ಲಿ ಹೆಸರಾಂತ ಬ್ರ್ಯಾಂಡ್ ಒಂದರ ಷೋರೂಂನಲ್ಲಿ 46,000 ರೂಪಾಯಿ ಕೊಟ್ಟು ಸೋಫಾ ತಗೊಂಡೆ. ಮೂರೇ ತಿಂಗಳಿಗೆ ಒಂದು ಕಡೆ ಕುಸಿದಿದೆ, ಕೇಳಿದರೆ ಯಾರೂ ಸರಿಯಾಗಿ ಮಾತಾಡ್ತಿಲ್ಲ. ಬೋರ್ಡ್ ಮೇಲೆ ಬ್ರ್ಯಾಂಡ್ ಹೆಸರಿದೆ, ಬಿಲ್ ಮೇಲೆ ಯಾವುದೋ 'ಎಂಟರ್‌ಪ್ರೈಸಸ್' ಅಂತಿದೆ, ಜಿಎಸ್‌ಟಿ ನಂಬರ್ ಹಾಕಿ ನೋಡಿದರೆ ಒಬ್ಬ ಮಹಿಳೆಯ ಹೆಸರು ಬರುತ್ತೆ. ನನಗೆ ಮೋಸ ಆಗಿದೆಯಾ? ನೋಟಿಸ್ ಯಾರ ಹೆಸರಿಗೆ ಕಳಿಸಬೇಕು?

ಉತ್ತರ: ಮೂರು ಹೆಸರು ಬಂದವು ಅಂದ ಮಾತ್ರಕ್ಕೆ ಮೋಸ ಅಲ್ಲ. ನೀವು ಬರೆದಿರುವುದನ್ನು ನೋಡಿದರೆ ಇದು ಫ್ರಾಂಚೈಸಿ ಅಂಗಡಿ ಅನಿಸುತ್ತದೆ. ಬ್ರ್ಯಾಂಡ್ ಒಬ್ಬರದು, ಅಂಗಡಿ ಇನ್ನೊಬ್ಬರದು. ಆದರೆ ನೋಟಿಸ್ ಬರೆಯುವಾಗ ಈ ಹೆಸರುಗಳು ಕಲಸಿಹೋದರೆ ಕಷ್ಟ. ವಕೀಲಿಕೆಯ ಮೊದಲ ವರ್ಷಗಳಲ್ಲಿ ನಾನೇ ಈ ತಪ್ಪು ಮಾಡಿದ್ದೆ. ಒಂದು ಅಂಗಡಿಗೆ ಬೋರ್ಡ್‌ನಲ್ಲಿದ್ದ ಹೆಸರಿಗೇ ನೋಟಿಸ್ ಕಳಿಸಿದೆ, ದೂರನ್ನೂ ಅದೇ ಹೆಸರಲ್ಲಿ ಹಾಕಿದೆ. ಎದುರು ಪಕ್ಷದವರು ಬಂದು 'ಈ ಹೆಸರಿನ ಕಂಪನಿಯೇ ಇಲ್ಲ' ಅಂದರು. ಅವರು ಹೇಳಿದ್ದು ನಿಜವೇ ಆಗಿತ್ತು! ಹೆಸರು ತಿದ್ದಿಸಿ ಮತ್ತೆ ಶುರು ಮಾಡುವಷ್ಟರಲ್ಲಿ ಕಕ್ಷಿದಾರರ ತಿಂಗಳುಗಟ್ಟಲೆ ಸಮಯ ಹಾಳಾಯಿತು. ಆ ಬೇಸರ ಇನ್ನೂ ಹೋಗಿಲ್ಲ.

ಬ್ರ್ಯಾಂಡ್ ಅನ್ನುವುದು ಸರಕಿನ ಗುರುತು, ಅಷ್ಟೇ. ಅದರ ಮೇಲೆ ಕೇಸು ಹಾಕುವುದಕ್ಕೆ ಆಗುವುದಿಲ್ಲ, ಅದು ಯಾರದೋ ಆಸ್ತಿ. ಬೆಳಿಗ್ಗೆ ಮನೆಗೆ ಬರುವ ನಂದಿನಿ ಹಾಲನ್ನೇ ನೋಡಿ. 'ನಂದಿನಿ' ಅನ್ನುವ ಹೆಸರಿನ ಹಿಂದಿರುವುದು ಕರ್ನಾಟಕ ಸಹಕಾರಿ ಹಾಲು ಉತ್ಪಾದಕರ ಮಹಾಮಂಡಳ, ಅಂದರೆ ಕೆಎಂಎಫ್. ಅದು ಕಂಪನಿಯೂ ಅಲ್ಲ, ಸಹಕಾರಿ ಸಂಸ್ಥೆ. ಪ್ಯಾಕೆಟ್ ತಿರುಗಿಸಿ ಸಣ್ಣಕ್ಷರ ಓದಿದರೆ ನಿಮ್ಮ ಭಾಗದ ಹಾಲು ಒಕ್ಕೂಟದ ಹೆಸರು, ವಿಳಾಸ ಸಿಗುತ್ತದೆ. ದೊಡ್ಡಕ್ಷರದಲ್ಲಿರುವುದು ಬ್ರ್ಯಾಂಡ್, ಸಣ್ಣಕ್ಷರದಲ್ಲಿರುವುದು ಜವಾಬ್ದಾರಿ ಹೊತ್ತವರು. ತನಿಷ್ಕ್ ಕೂಡ ಹಾಗೆಯೇ, ಅದರ ಹಿಂದಿರುವ ಕಂಪನಿ ಟೈಟನ್ ಕಂಪನಿ ಲಿಮಿಟೆಡ್.

ಈಗ ನಿಮ್ಮ ಬಿಲ್‌ಗೆ ಬರೋಣ. 'ಎಂಟರ್‌ಪ್ರೈಸಸ್' ಅಂತಿರುವುದು ವ್ಯಾಪಾರದ ಹೆಸರು. ಅಂಗಡಿ ನಡೆಸುವವರು ತಾವೇ ಇಟ್ಟುಕೊಂಡದ್ದು. ಎಂಟರ್‌ಪ್ರೈಸಸ್, ಟ್ರೇಡರ್ಸ್, ಇಂಡಸ್ಟ್ರೀಸ್, ಕೊನೆಗೆ 'ಅಂಡ್ ಕಂಪನಿ' ಅಂತಿದ್ದರೂ ಅದು ಕಂಪನಿ ಆಗಿಬಿಡುವುದಿಲ್ಲ. ಹೆಸರಿನ ಕೊನೆಯಲ್ಲಿ ಪ್ರೈವೇಟ್ ಲಿಮಿಟೆಡ್, ಲಿಮಿಟೆಡ್ ಅಥವಾ ಎಲ್‌ಎಲ್‌ಪಿ ಇದೆಯಾ ಅಂತ ಮೊದಲು ನೋಡಬೇಕು. ಅದಿಲ್ಲ ಅಂದರೆ ಸಾಮಾನ್ಯವಾಗಿ ಒಬ್ಬರದೇ ಮಾಲೀಕತ್ವ, ಇಲ್ಲವೇ ಪಾಲುದಾರಿಕೆ.

ಯಾವುದು ಅಂತ ಬಿಲ್‌ನಲ್ಲೇ ಗೊತ್ತಾಗುತ್ತದೆ. ಜಿಎಸ್‌ಟಿ ನಂಬರ್‌ನಲ್ಲಿ 15 ಅಕ್ಷರ ಇರುತ್ತವೆ. ತಿಳಿಯಲಿ ಅಂತ ಒಂದು ಸುಳ್ಳು ನಂಬರ್ ಬರೆಯುತ್ತೇನೆ:

```
29ABCPX1234K1Z5
```

ಮೊದಲ 29 ಕರ್ನಾಟಕದ ಸಂಖ್ಯೆ. ಅದಾದ ಮೇಲಿನ ಹತ್ತು ಅಕ್ಷರ, `ABCPX1234K`, ಮಾಲೀಕರ ಪ್ಯಾನ್. ಆ ಪ್ಯಾನ್‌ನ ನಾಲ್ಕನೇ ಅಕ್ಷರದ ಮೇಲೆ ಬೆರಳಿಡಿ. ಅಲ್ಲಿ `P` ಇದ್ದರೆ ಒಬ್ಬ ವ್ಯಕ್ತಿ, `F` ಇದ್ದರೆ ಪಾಲುದಾರಿಕೆ ಅಥವಾ ಎಲ್‌ಎಲ್‌ಪಿ, `C` ಇದ್ದರೆ ಕಂಪನಿ. ನಿಮ್ಮ ಬಿಲ್‌ನಲ್ಲಿ `P` ಇದ್ದೇ ಇರುತ್ತದೆ, ಯಾಕೆಂದರೆ ನಿಮಗೆ ಮಹಿಳೆಯ ಹೆಸರು ಬಂದಿದೆ.

ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿ ಹುಡುಕಿದಾಗ `Legal Name of Business` ಅಂತ ಬರುವುದು ಪ್ಯಾನ್‌ನಲ್ಲಿರುವ ಹೆಸರು. `Trade Name` ಅಂತ ಬರುವುದು ಅಂಗಡಿಯವರು ಅರ್ಜಿಯಲ್ಲಿ ಬರೆದುಕೊಟ್ಟದ್ದು. ಎರಡಕ್ಕೂ ತೂಕ ಒಂದೇ ಅಲ್ಲ. ಒಂದೇ ವ್ಯಾಪಾರದ ಹೆಸರಿನಲ್ಲಿ ಊರಲ್ಲಿ ನಾಲ್ಕು ಅಂಗಡಿ ಇರಬಹುದು, ಪ್ಯಾನ್ ಮಾತ್ರ ಒಬ್ಬರಿಗೆ ಒಂದೇ. ಅಲ್ಲೇ `Constitution of Business` ಅನ್ನುವ ಜಾಗದಲ್ಲಿ `Proprietorship` ಅಂತಿದ್ದರೆ ನಿಮ್ಮ ಲೆಕ್ಕ ಸರಿ. ಆ ಪುಟದ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ, ನೋಂದಣಿ ಮುಂದೆ ರದ್ದಾದರೂ ನಿಮ್ಮ ಹತ್ತಿರ ದಾಖಲೆ ಇರುತ್ತದೆ. ಯುಪಿಐ ಮಾಡುವಾಗ ಬಂದ ಹೆಸರನ್ನು ಮಾತ್ರ ಜಾಸ್ತಿ ನಂಬಬೇಡಿ, ಎಷ್ಟೋ ಅಂಗಡಿಯಲ್ಲಿ ಮಗನದೋ ತಮ್ಮನದೋ ಖಾತೆಯ ಕ್ಯೂಆರ್ ಅಂಟಿಸಿರುತ್ತಾರೆ.

ಹಾಗಾಗಿ ನಿಮಗೆ ಸೋಫಾ ಮಾರಿದವರು ಕಾನೂನಿನ ಕಣ್ಣಲ್ಲಿ ಆ ಮಹಿಳೆ. ಅವರು ಒಂದು ದಿನವೂ ಅಂಗಡಿಯಲ್ಲಿ ಕೂರದೆ, ಅವರ ಯಜಮಾನರೇ ಎಲ್ಲ ನೋಡಿಕೊಳ್ಳುತ್ತಿದ್ದರೂ ಅಷ್ಟೇ. ಒಬ್ಬರದೇ ಮಾಲೀಕತ್ವ ಇದ್ದಾಗ ಅಂಗಡಿ ಬೇರೆ, ವ್ಯಕ್ತಿ ಬೇರೆ ಅಂತ ಇರುವುದಿಲ್ಲ. ನೋಟಿಸ್‌ನಲ್ಲಿ ಹೀಗೆ ಬರೆಯಿರಿ: 'ಶ್ರೀಮತಿ (ಪೋರ್ಟಲ್‌ನಲ್ಲಿರುವ ಹೆಸರು), (ಅಂಗಡಿಯ ಹೆಸರು) ಎಂಬ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿರುವವರು', ಅದರ ಕೆಳಗೆ ಬಿಲ್‌ನಲ್ಲಿರುವ ವಿಳಾಸ. ಬರೀ ಅಂಗಡಿಯ ಹೆಸರಿನಲ್ಲೂ ಅಂಥವರ ಮೇಲೆ ದಾವೆ ಹೂಡುವುದಕ್ಕೆ ಕಾನೂನು ಬಿಡುತ್ತದೆ. ಆದರೆ ಆಮೇಲೆ ಆದೇಶ ಜಾರಿ ಮಾಡಿಸುವಾಗ, ದುಡ್ಡು ವಸೂಲಿ ಮಾಡುವಾಗ, ಮನುಷ್ಯರ ಹೆಸರು ಇದ್ದರೇ ಸುಲಭ.

ಇಷ್ಟಕ್ಕೇ ನಿಲ್ಲಿಸಬೇಡಿ, ಸೋಫಾ ಮಾಡಿದವರನ್ನೂ ಸೇರಿಸಿ. ಸೋಫಾ ಮಗುಚಿ, ಕೆಳಗಡೆ ಬಟ್ಟೆಗೆ ಹೊಲಿದ ಲೇಬಲ್ ಇದೆಯಾ ನೋಡಿ. ವಾರಂಟಿ ಕಾರ್ಡ್‌ನಲ್ಲೂ 'ತಯಾರಕರು' ಅಥವಾ 'ಮಾರುಕಟ್ಟೆ ಮಾಡುವವರು' ಅಂತ ಒಂದು ಸಾಲು ಇರುತ್ತದೆ. ಅಲ್ಲಿ ಬ್ರ್ಯಾಂಡ್‌ಗೆ ಸಂಬಂಧವೇ ಇಲ್ಲದಂಥ ಹೆಸರಿನ ಪ್ರೈವೇಟ್ ಲಿಮಿಟೆಡ್ ಕಂಪನಿ ಇರಬಹುದು, ಗಾಬರಿ ಆಗಬೇಡಿ. ಆ ಹೆಸರನ್ನು ಒಂದಕ್ಷರ ಬಿಡದೆ ಬರೆದುಕೊಳ್ಳಿ. ಕಂಪನಿ ಅಂದ ಮೇಲೆ ಅದಕ್ಕೆ 21 ಅಕ್ಷರದ ಸಿಐಎನ್ ನಂಬರ್ ಇರುತ್ತದೆ. ಕಂಪನಿ ತನ್ನ ಹೆಸರು, ನೋಂದಾಯಿತ ಕಚೇರಿಯ ವಿಳಾಸ ಮತ್ತು ಆ ನಂಬರನ್ನು ತನ್ನ ಬಿಲ್, ಪತ್ರಗಳಲ್ಲಿ ಹಾಕಲೇಬೇಕು ಅಂತ 2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಆ ಹೆಸರನ್ನು ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ `mca.gov.in` ತಾಣದಲ್ಲಿ ಹುಡುಕಿದರೆ ನೋಂದಾಯಿತ ವಿಳಾಸ ಸಿಗುತ್ತದೆ, ಕಂಪನಿ ಇನ್ನೂ ಚಾಲ್ತಿಯಲ್ಲಿದೆಯಾ ಅನ್ನುವುದೂ ಗೊತ್ತಾಗುತ್ತದೆ.

ಹುಡುಕಿದಾಗ ಬೇರೆಯೇ ಹೆಸರು ಬಂದರೆ ಕಂಪನಿ ಹೆಸರು ಬದಲಿಸಿಕೊಂಡಿರಬಹುದು. 2025ರಲ್ಲಿ ಜೊಮ್ಯಾಟೊ ಲಿಮಿಟೆಡ್ ಅನ್ನುವ ಕಂಪನಿ ಎಟರ್ನಲ್ ಲಿಮಿಟೆಡ್ ಆಯಿತು, ಆದರೆ ಊಟ ತರಿಸುವ ಆ್ಯಪ್ ಮಾತ್ರ ಜೊಮ್ಯಾಟೊ ಆಗಿಯೇ ಉಳಿಯಿತು. ಹೆಸರು ಬದಲಾದರೆ ಕಂಪನಿ ಬದಲಾಗುವುದಿಲ್ಲ, ಹಳೆ ಹೆಸರಲ್ಲಿ ಮಾಡಿಕೊಂಡ ಜವಾಬ್ದಾರಿ ಹಾಗೇ ಇರುತ್ತದೆ. ಅಂಥ ಕಡೆ ಹೊಸ ಹೆಸರು ಬರೆದು, ಪಕ್ಕದಲ್ಲಿ 'ಈ ಹಿಂದೆ ಇಂಥ ಹೆಸರಿನಲ್ಲಿದ್ದದ್ದು' ಅಂತ ಸೇರಿಸಿದರೆ ಸಾಕು.

ನೋಟಿಸ್ ಒಂದೇ ಇರಲಿ, ಇಬ್ಬರ ಹೆಸರೂ ಇರಲಿ. ಅಂಗಡಿಯ ವಿಳಾಸಕ್ಕೊಂದು, ಕಂಪನಿಯ ನೋಂದಾಯಿತ ವಿಳಾಸಕ್ಕೊಂದು ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಇಬ್ಬರನ್ನೂ ಸೇರಿಸಿ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ಒಬ್ಬರಿಗೇ ಕಳಿಸಿದರೆ ಅಂಗಡಿಯವರು 'ಅದು ಕಂಪನಿಯ ತಪ್ಪು' ಅನ್ನುತ್ತಾರೆ, ಕಂಪನಿಯವರು 'ನಿಮಗೆ ಮಾರಿದ್ದು ನಾವಲ್ಲ' ಅನ್ನುತ್ತಾರೆ. ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಕ್ಕೆ ಎರಡು ವರ್ಷ ಅವಕಾಶ ಇದೆ, ನಿಮ್ಮ ಮೊತ್ತಕ್ಕೆ ಶುಲ್ಕವೂ ಇಲ್ಲ. ದೂರಿನಲ್ಲೂ ಇದೇ ಎರಡು ಹೆಸರನ್ನು ಇದೇ ರೀತಿ ಬರೆಯಿರಿ.

ಇನ್ನೊಂದು ಮಾತು. ಅಂಗಡಿಯವರು ಈಗ ಏಕಾಏಕಿ 'ರಿಪೇರಿ ಮಾಡಿಕೊಡ್ತೀವಿ' ಅಂತ ಸೋಫಾ ತಗೊಂಡು ಹೋಗುವುದಕ್ಕೆ ಬಂದರೆ, ಗಾಡಿಗೆ ಹತ್ತಿಸುವ ಮೊದಲು ಆ ಲೇಬಲ್‌ನ ಫೋಟೊ ತೆಗೆದುಕೊಳ್ಳಿ. ಹೊಸ ಬಟ್ಟೆ ಹೊಲಿದು ತಂದಾಗ ಅದು ಅಲ್ಲಿ ಇರದೇ ಇರಬಹುದು.