ರ‍್ಯಾಮ್ ಕಡಿಮೆ ಇದ್ದರೆ ನೋಟಿಫಿಕೇಶನ್ ತಡವಾಗುತ್ತದೆಯೇ?

ಪ್ರಶ್ನೆ: ರಾತ್ರಿ ಬಂದ ವಾಟ್ಸಾಪ್ ಮೆಸೇಜುಗಳು ಬೆಳಿಗ್ಗೆ ನಾನು ಆ್ಯಪ್ ತೆರೆದ ಮೇಲೇ ಒಟ್ಟಿಗೆ ಬಂದು ಬೀಳುತ್ತವೆ. 4 ಜಿಬಿ ರ‍್ಯಾಮ್ ಇರುವ ಆಂಡ್ರಾಯ್ಡ್ ಫೋನ್. ಮಲಗುವ ಮುಂಚೆ ಎಲ್ಲ ಆ್ಯಪ್ ಕ್ಲಿಯರ್ ಮಾಡಿಯೇ ಮಲಗುತ್ತೇನೆ, ಆದರೂ ಹೀಗೆ. ಜಾಸ್ತಿ ರ‍್ಯಾಮ್ ಇರುವ ಫೋನ್ ತಗೊಂಡರೆ ಸರಿಹೋಗುತ್ತದಾ?

ಸದ್ಯಕ್ಕೆ ಹೊಸ ಫೋನ್ ಬೇಡ. ಮೊದಲು ಆ ಕ್ಲಿಯರ್ ಮಾಡುವ ಅಭ್ಯಾಸವನ್ನು ಕೆಲವು ರಾತ್ರಿ ಬಿಟ್ಟು ನೋಡಿ. ನೀವು ಬರೆದಿರುವ ಲಕ್ಷಣ ನೋಡಿದರೆ ತೊಂದರೆ ರ‍್ಯಾಮಿನದಲ್ಲ, ಬಹುಶಃ ಆ ಕ್ಲಿಯರ್ ಬಟನ್ನಿನದೇ. ನಾನು ಆಂಡ್ರಾಯ್ಡ್ ಆ್ಯಪ್ ಬರೆಯುವ ಕೆಲಸದಲ್ಲಿರುವವನು. ನೋಟಿಫಿಕೇಶನ್ ಬರಲಿಲ್ಲ ಎಂಬ ದೂರು ನಮಗೆ ದಿನಾ ಬರುತ್ತದೆ, ದೂರು ಕೊಡುವವರೆಲ್ಲ ಮೊದಲು ಬೈಯುವುದು ರ‍್ಯಾಮನ್ನೇ.

ಆ್ಯಪ್ ಮುಚ್ಚಿಹೋಗುವುದರಲ್ಲಿ ಎರಡು ಬಗೆ ಇದೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಒಳಗಿನ ಪರಿಣಾಮ ಮಾತ್ರ ಬೇರೆ.

ಮೊದಲನೆಯದು ನಿಜವಾಗಿಯೂ ಮೆಮೊರಿ ಸಾಲದೆ ಆಗುವುದು. ಆಂಡ್ರಾಯ್ಡ್‌ನಲ್ಲಿ lmkd ಎಂಬ ಪುಟ್ಟ ಪ್ರೋಗ್ರಾಂ ಸದಾ ಕಾವಲಿಗೆ ಕೂತಿರುತ್ತದೆ. ಓಡುತ್ತಿರುವ ಪ್ರತಿ ಆ್ಯಪಿಗೂ ವ್ಯವಸ್ಥೆ ಒಂದು ಅಂಕ ಕೊಟ್ಟಿರುತ್ತದೆ. ನೀವು ಈಗ ನೋಡುತ್ತಿರುವ ಆ್ಯಪಿಗೆ 0, ಹಿನ್ನೆಲೆಯಲ್ಲಿ ಹಾಡು ನುಡಿಸುತ್ತಿರುವುದಕ್ಕೆ 200ರ ಆಸುಪಾಸು, ಯಾವಾಗಲೋ ತೆರೆದು ಬಿಟ್ಟು ಸುಮ್ಮನೆ ಮೆಮೊರಿಯಲ್ಲಿ ಬಿದ್ದಿರುವುದಕ್ಕೆ 900ಕ್ಕಿಂತ ಮೇಲೆ. ಮೆಮೊರಿ ಬಿಗಿಯಾದಾಗ ಹೆಚ್ಚು ಅಂಕದವನ್ನು ಮೊದಲು ಕೊಲ್ಲುತ್ತಾ ಬರುತ್ತದೆ. ಅದಕ್ಕೂ ಮುಂಚೆ ಮೆಮೊರಿಯ ಕೆಲವು ಭಾಗಗಳನ್ನು ಕುಗ್ಗಿಸಿ ರ‍್ಯಾಮಿನಲ್ಲೇ ಒತ್ತಿಡುವ ಕೆಲಸ ನಡೆದಿರುತ್ತದೆ. ಕ್ಯಾಮೆರಾ ತೆರೆದು ಫೋಟೋ ತೆಗೆದು ಹಿಂದಿರುಗಿದರೆ, ಅರ್ಧ ತುಂಬಿದ್ದ ಬ್ಯಾಂಕ್ ಫಾರಂ ಖಾಲಿಯಾಗಿರುತ್ತದಲ್ಲ, ಅದು ಈ ಬಗೆಯ ಸಾವು. ಕಡಿಮೆ ರ‍್ಯಾಮಿನ ನಿಜವಾದ ಕಾಟ ಎಂದರೆ ಇದೇ.

ಆದರೆ ಹೀಗೆ ಸತ್ತ ಆ್ಯಪಿಗೂ ನೋಟಿಫಿಕೇಶನ್ ಬರುತ್ತದೆ! ಏಕೆಂದರೆ ಮೆಸೇಜಿಗಾಗಿ ಕಾಯುವ ಕೆಲಸ ಆ ಆ್ಯಪಿನದಲ್ಲ. ಫೋನಿನಲ್ಲಿರುವ ಗೂಗಲ್ ಪ್ಲೇ ಸರ್ವಿಸಸ್ ಇಡೀ ಫೋನಿನ ಪರವಾಗಿ ಗೂಗಲ್ ಸರ್ವರಿಗೆ ಒಂದೇ ಸಂಪರ್ಕವನ್ನು ತೆರೆದಿಟ್ಟುಕೊಂಡಿರುತ್ತದೆ. ಮನೆಗೊಬ್ಬರು ಅಂಚೆ ಕಚೇರಿಗೆ ಹೋಗಿ ಕಾಯುವ ಬದಲು ಬೀದಿಗೆಲ್ಲ ಒಬ್ಬ ಪೋಸ್ಟ್‌ಮ್ಯಾನ್ ಇದ್ದ ಹಾಗೆ. ವಾಟ್ಸಾಪ್ ಸರ್ವರಿಗೆ ನಿಮ್ಮ ಹೆಸರಿಗೆ ಮೆಸೇಜ್ ಬಂದರೆ ಅದು ಗೂಗಲ್ ಸರ್ವರಿಗೆ ಸುದ್ದಿ ಮುಟ್ಟಿಸುತ್ತದೆ, ಅಲ್ಲಿಂದ ಪ್ಲೇ ಸರ್ವಿಸಸ್‌ಗೆ ಬರುತ್ತದೆ, ಅದು ಸತ್ತಿದ್ದ ವಾಟ್ಸಾಪನ್ನು ಎಬ್ಬಿಸುತ್ತದೆ. ಹಳೆಯ ಫೋನಾದರೆ ಹೊಸದಾಗಿ ಎದ್ದೇಳಲು ಕೆಲವು ಸೆಕೆಂಡ್ ಹಿಡಿಯಬಹುದು. ಮೆಮೊರಿ ಕೊರತೆಯಿಂದಾಗುವ ತಡ ಸಾಮಾನ್ಯವಾಗಿ ಇಷ್ಟೇ. ರಾತ್ರಿಯಿಂದ ಬೆಳಗಿನವರೆಗೆ ಅಲ್ಲ.

ಎರಡನೆಯದು ಫೋರ್ಸ್ ಸ್ಟಾಪ್. ಇದು ಆ್ಯಪನ್ನು ಕೊಲ್ಲುವುದರ ಜತೆಗೆ ಅದರ ಮೇಲೆ 'ನಿಲ್ಲಿಸಲಾಗಿದೆ' ಎಂಬ ಗುರುತನ್ನೂ ಹಾಕುತ್ತದೆ. ಆ ಗುರುತು ಇರುವವರೆಗೆ ಪ್ಲೇ ಸರ್ವಿಸಸ್ ಆ ಆ್ಯಪನ್ನು ಎಬ್ಬಿಸಲಾರದು, ಅದು ಇಟ್ಟುಕೊಂಡಿದ್ದ ಅಲಾರಂಗಳೂ ರದ್ದಾಗುತ್ತವೆ. ನೀವೇ ಐಕಾನ್ ಒತ್ತಿ ತೆರೆದಾಗ ಗುರುತು ಅಳಿಯುತ್ತದೆ. ಆಗ ವಾಟ್ಸಾಪ್ ತನ್ನ ಸರ್ವರನ್ನು ತಾನೇ ಸಂಪರ್ಕಿಸಿ ಬಾಕಿ ಇದ್ದುದನ್ನೆಲ್ಲ ಒಮ್ಮೆಗೇ ಎಳೆದುಕೊಳ್ಳುತ್ತದೆ. ನಿಮ್ಮ ಫೋನಿನಲ್ಲಿ ಬೆಳಿಗ್ಗೆ ಆಗುತ್ತಿರುವುದು ಇದೇ ಇರಬೇಕು.

ಗೂಗಲ್ ಬರೆದ ಮೂಲ ಆಂಡ್ರಾಯ್ಡ್‌ನಲ್ಲಿ ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಒಂದನ್ನು ಮೇಲಕ್ಕೆ ತಳ್ಳಿದರೆ ಈ ಗುರುತು ಬೀಳುವುದಿಲ್ಲ. ಕೆಲವು ಕಂಪನಿಗಳ ಫೋನುಗಳಲ್ಲಿ ಮಾತ್ರ ಅದೇ ತಳ್ಳುವಿಕೆ ಅಥವಾ ಕೆಳಗಿರುವ ಕ್ಲಿಯರ್ ಬಟನ್ ಫೋರ್ಸ್ ಸ್ಟಾಪ್‌ಗೆ ಸಮನಾದ ಕೆಲಸ ಮಾಡುತ್ತದೆ. ಆ ಆ್ಯಪಿಗೆ ಆಟೋಸ್ಟಾರ್ಟ್ ಅನುಮತಿ ಇಲ್ಲದಿದ್ದರೆ ತಾನಾಗಿ ಏಳುವ ದಾರಿಯೂ ಮುಚ್ಚಿರುತ್ತದೆ. ಇದಕ್ಕೊಂದು ಹಿನ್ನೆಲೆ ಇದೆ. ಚೀನಾದಲ್ಲಿ ಮಾರುವ ಫೋನುಗಳಲ್ಲಿ ಗೂಗಲ್ ಪ್ಲೇ ಸರ್ವಿಸಸ್ ಸೇವೆ ಸಿಗುವುದಿಲ್ಲ. ಹಾಗಾಗಿ ಅಲ್ಲಿ ಒಂದೊಂದು ಆ್ಯಪೂ ತನ್ನದೇ ಸಂಪರ್ಕ ಹಿಡಿದು ಹಿನ್ನೆಲೆಯಲ್ಲಿ ಎಚ್ಚರವಾಗಿರುತ್ತಿತ್ತು, ಒಂದು ಎದ್ದರೆ ತನ್ನ ಬಳಗದ ನಾಲ್ಕನ್ನು ಎಬ್ಬಿಸುತ್ತಿತ್ತು. ಬ್ಯಾಟರಿ ಉಳಿಸಲು ಫೋನ್ ತಯಾರಕರು ಕಠಿಣ ತಡೆಗಳನ್ನು ಕಟ್ಟಿದರು. ಅಲ್ಲಿಗೆ ಅದು ಸರಿಯೇ. ಅದೇ ತಂತ್ರಾಂಶ, ಒಬ್ಬ ಪೋಸ್ಟ್‌ಮ್ಯಾನ್ ಸಾಕಾಗುವ ನಮ್ಮ ಮಾರುಕಟ್ಟೆಗೂ ಬಂದಾಗ, ಆ ಕಠಿಣತೆ ಹೆಚ್ಚಾಯಿತು ಎಂದು ನನ್ನ ಅಭಿಪ್ರಾಯ.

ನನ್ನ ಮಾತು ನಂಬಬೇಕಾಗಿಲ್ಲ, ನೀವೇ ಪರೀಕ್ಷಿಸಬಹುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ವಾಟ್ಸಾಪಿನ ಆ್ಯಪ್ ಇನ್ಫೋ ತೆರೆದು ಫೋರ್ಸ್ ಸ್ಟಾಪ್ ಒತ್ತಿ. ಮನೆಯಲ್ಲಿ ಯಾರಿಂದಲಾದರೂ ಒಂದು ಮೆಸೇಜ್ ಹಾಕಿಸಿ. ಕಳಿಸಿದವರ ಫೋನಿನಲ್ಲಿ ಒಂದೇ ಟಿಕ್ ನಿಂತಿರುತ್ತದೆ. ನೀವು ವಾಟ್ಸಾಪ್ ತೆರೆದ ಕೂಡಲೇ ಎರಡಾಗುತ್ತದೆ. ಈಗ ಫೋರ್ಸ್ ಸ್ಟಾಪ್ ಬದಲು ದಿನಾ ಮಾಡುವ ಹಾಗೆ ಕ್ಲಿಯರ್ ಮಾಡಿ, ಇನ್ನೊಂದು ಮೆಸೇಜ್ ಹಾಕಿಸಿ. ಆಗಲೂ ಒಂದೇ ಟಿಕ್ ನಿಂತರೆ ನಿಮ್ಮ ಫೋನಿನ ಕ್ಲಿಯರ್ ಬಟನ್ ಏನು ಮಾಡುತ್ತಿದೆ ಎಂದು ಗೊತ್ತಾಯಿತು. ತಕ್ಷಣ ಎರಡು ಟಿಕ್ ಆದರೆ ಬಟನ್ ನಿರಪರಾಧಿ.

ಕಂಪ್ಯೂಟರ್ ಇದ್ದು, ಅಲ್ಲಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿ ಎಂಬ ಸಾಧನ ಬಳಸಲು ಬರುವುದಾದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಹೋಮ್ ಒತ್ತಿ ಆ್ಯಪಿನಿಂದ ಹೊರಬಂದು, ಸ್ವಲ್ಪ ಹೊತ್ತು ಬಿಟ್ಟು, ಮೊದಲ ಆಜ್ಞೆ ಕೊಟ್ಟು ಮೆಸೇಜ್ ಹಾಕಿಸಿ. ಆಮೇಲೆ ಎರಡನೆಯದನ್ನು ಕೊಟ್ಟು ಮತ್ತೆ ಹಾಕಿಸಿ.

```
adb shell am kill com.whatsapp
adb shell am force-stop com.whatsapp
```

ಮೊದಲನೆಯದು ಮೆಮೊರಿಗಾಗಿ ವ್ಯವಸ್ಥೆ ಕೊಲ್ಲುವುದಕ್ಕೆ ಹತ್ತಿರದ್ದು, ಅದಾದ ಮೇಲೂ ಮೆಸೇಜ್ ಬರುತ್ತದೆ. ಎರಡನೆಯದರ ನಂತರ ಬರುವುದಿಲ್ಲ. ಹಿಂದಿನ ರಾತ್ರಿ ಏನಾಯಿತು ಎಂದು ತಿಳಿಯಲು, ಆಂಡ್ರಾಯ್ಡ್ 11 ಮತ್ತು ಅದರ ನಂತರದ ಫೋನುಗಳಲ್ಲಿ ಇದು:

```
adb shell dumpsys activity exit-info com.whatsapp
```

ಆ್ಯಪ್ ಯಾವ್ಯಾವಾಗ, ಏಕೆ ಸತ್ತಿತು ಎಂಬ ದಾಖಲೆ ಸಮಯದ ಸಮೇತ ಬರುತ್ತದೆ. ಇತ್ತೀಚೆಗೆ ನನ್ನ ಚಿಕ್ಕಮ್ಮನ ಫೋನಿನಲ್ಲಿ ಹೀಗೆ ನೋಡಿದೆ. ಅದೂ 4 ಜಿಬಿಯದೇ, ದೂರೂ ನಿಮ್ಮದೇ. ಮಧ್ಯಾಹ್ನದ ಒಂದು ಸಾಲಿನಲ್ಲಿ `LOW_MEMORY` ಎಂದಿತ್ತು. ಆಗ ಅವರು ವಿಡಿಯೋ ನೋಡುತ್ತಿದ್ದರಂತೆ. ಅದರ ನಂತರದ ಮೆಸೇಜುಗಳೆಲ್ಲ ಹೊತ್ತಿಗೆ ಸರಿಯಾಗಿ ಬಂದಿದ್ದವು. ರಾತ್ರಿ ಮಲಗುವ ಹೊತ್ತಿನ ಸಾಲಿನಲ್ಲಿ `USER REQUESTED`, ಪಕ್ಕದಲ್ಲೇ `FORCE STOP` ಎಂದಿತ್ತು. ಅಲ್ಲಿಂದ ಬೆಳಗಿನವರೆಗೆ ಒಂದೂ ಇಲ್ಲ. "ನಾನೆಲ್ಲಿ ಫೋರ್ಸ್ ಸ್ಟಾಪ್ ಮಾಡಿದೆ, ಬರೀ ಕ್ಲೀನ್ ಮಾಡಿದ್ದಪ್ಪ" ಎಂದರು ಚಿಕ್ಕಮ್ಮ. ಅವರು ಹೇಳಿದ್ದೂ ನಿಜ, ಫೋನ್ ಬರೆದುಕೊಂಡಿದ್ದೂ ನಿಜ. ನಿಮ್ಮ ಫೋನಿನಲ್ಲಿ `REMOVE TASK` ಎಂದು ಬಂದರೆ ಅದು ಸಾಧಾರಣ ತಳ್ಳುವಿಕೆ, ಅದರಿಂದ ಮೆಸೇಜ್ ನಿಲ್ಲುವುದಿಲ್ಲ.

ಮೂರನೆಯ ಸಾಧ್ಯತೆಯೊಂದಿದೆ, ಅದರ ಲಕ್ಷಣ ಬೇರೆ. ಆ್ಯಪ್ ತೆರೆಯದೆ, ಬರೀ ಫೋನ್ ಎತ್ತಿ ಪರದೆ ಬೆಳಗಿಸಿದ ಕೂಡಲೇ ನೋಟಿಫಿಕೇಶನ್ ಸುರಿದರೆ ಅದು ಡೋಝ್. 2015ರಲ್ಲಿ ಆಂಡ್ರಾಯ್ಡ್ 6ರ ಜತೆ ಬಂದ ವ್ಯವಸ್ಥೆ ಇದು. ಚಾರ್ಜರಿಗೆ ಹಾಕದೆ, ಪರದೆ ಆರಿಸಿ, ಮೇಜಿನ ಮೇಲೆ ಅಲ್ಲಾಡದೆ ಬಿಟ್ಟ ಫೋನ್ ಸ್ವಲ್ಪ ಹೊತ್ತಿನಲ್ಲಿ ಗಾಢ ನಿದ್ದೆಗೆ ಜಾರುತ್ತದೆ. ನಡುನಡುವೆ ಸ್ವಲ್ಪ ಹೊತ್ತು ಎದ್ದು ಬಾಕಿ ಕೆಲಸ ಮುಗಿಸುತ್ತದೆ. ಈ ಎಚ್ಚರಗಳ ನಡುವಿನ ಅಂತರ ರಾತ್ರಿ ಕಳೆದಂತೆ ಹಿಗ್ಗುತ್ತಾ ಹೋಗುತ್ತದೆ. ಮೂಲ ಆಂಡ್ರಾಯ್ಡ್‌ನಲ್ಲಿ 1 ಗಂಟೆಯಿಂದ ಶುರುವಾಗಿ 6 ಗಂಟೆಯವರೆಗೆ. ಕಳಿಸುವ ಸರ್ವರ್ ತನ್ನ ಸಂದೇಶಕ್ಕೆ 'ತುರ್ತು' ಎಂಬ ದರ್ಜೆ ಕೊಟ್ಟಿದ್ದರೆ ಅದು ಡೋಝ್ ದಾಟಿ ತಕ್ಷಣ ಬರುತ್ತದೆ, ಸಾಧಾರಣ ದರ್ಜೆಯಾದರೆ ಮುಂದಿನ ಎಚ್ಚರದವರೆಗೆ ಕಾಯುತ್ತದೆ. ಚಾಟ್ ಆ್ಯಪ್‌ಗಳು ತುರ್ತು ದರ್ಜೆಯಲ್ಲಿ ಕಳಿಸುತ್ತವೆ. ಯಾವುದೋ ಅಂಗಡಿ ಆ್ಯಪಿನ ಆಫರ್ ಬೆಳಿಗ್ಗೆ ತಡವಾಗಿ ಬಂದರೆ ಅದು ನಿಮ್ಮ ಫೋನಿನ ದೋಷವಲ್ಲ, ಸರಿಮಾಡುವ ಅಗತ್ಯವೂ ಇಲ್ಲ.

ಈಗ ಮಾಡಬೇಕಾದ್ದು. ಕ್ಲಿಯರ್ ಮಾಡುವುದನ್ನು ನಿಲ್ಲಿಸಿ. ಖಾಲಿ ರ‍್ಯಾಮಿನಿಂದ ಫೋನಿಗೆ ಲಾಭವಿಲ್ಲ. ಬೇಕಾದಾಗ ಜಾಗ ಮಾಡಿಕೊಳ್ಳಲು lmkd ಇದ್ದೇ ಇದೆ, ಬೆಳಿಗ್ಗೆ ಎಲ್ಲವನ್ನೂ ಮೊದಲಿನಿಂದ ತೆರೆಯಲು ಬ್ಯಾಟರಿಯೂ ಹೆಚ್ಚು ಖರ್ಚಾಗುತ್ತದೆ. ಕ್ಲಿಯರ್ ಮಾಡದೆ ಮನಸ್ಸು ತಡೆಯದಿದ್ದರೆ, ಬಹಳಷ್ಟು ಫೋನುಗಳಲ್ಲಿ ಇತ್ತೀಚಿನ ಆ್ಯಪ್‌ಗಳ ಪಟ್ಟಿಯಲ್ಲಿ ಒಂದು ಆ್ಯಪನ್ನು ಒತ್ತಿ ಹಿಡಿದರೆ ಬೀಗದ ಗುರುತು ಸಿಗುತ್ತದೆ. ವಾಟ್ಸಾಪಿಗೆ ಬೀಗ ಹಾಕಿದರೆ ಕ್ಲಿಯರ್ ಅದನ್ನು ಮುಟ್ಟುವುದಿಲ್ಲ. ಜತೆಗೆ ಆ್ಯಪ್ ಇನ್ಫೋದಲ್ಲಿ ಬ್ಯಾಟರಿ ಎಂಬಲ್ಲಿ ನಿರ್ಬಂಧ ಬೇಡ ಎಂಬ ಆಯ್ಕೆ ಕೊಡಿ. ಶಿಯೋಮಿ, ವಿವೋ ಫೋನುಗಳಲ್ಲಿ ಆಟೋಸ್ಟಾರ್ಟ್, ಒಪ್ಪೋ, ರಿಯಲ್‌ಮಿಗಳಲ್ಲಿ ಆಟೋ ಲಾಂಚ್ ಎಂಬ ಹೆಸರಿನ ಸ್ವಿಚ್ ಇರುತ್ತದೆ, ಅದನ್ನೂ ಆನ್ ಮಾಡಿ. ಸ್ಯಾಮ್‌ಸಂಗ್ ಆದರೆ ಡೀಪ್ ಸ್ಲೀಪಿಂಗ್ ಆ್ಯಪ್ಸ್ ಪಟ್ಟಿಯಲ್ಲಿ ಅದು ಸೇರಿಕೊಂಡಿಲ್ಲವೇ ನೋಡಿ. ಇದನ್ನೆಲ್ಲ ಎಲ್ಲ ಆ್ಯಪಿಗೂ ಮಾಡಬೇಡಿ, ನಿಜವಾಗಿ ಕಾಯುವಂಥ ನಾಲ್ಕೈದಕ್ಕೆ ಸಾಕು. ಸ್ಟೋರೇಜಿನಿಂದ ರ‍್ಯಾಮ್ ಹೆಚ್ಚಿಸುವ ಆಯ್ಕೆ ಈ ವಿಷಯದಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬೂಸ್ಟರ್, ಕ್ಲೀನರ್ ಎಂದು ಹಾಕಿಕೊಂಡ ಆ್ಯಪ್ ಇದ್ದರೆ ತೆಗೆದುಹಾಕಿ.

ಇಷ್ಟಾದ ಮೇಲೂ ಕಳಿಸಿದವರಿಗೆ ರಾತ್ರಿಯಿಡೀ ಒಂದೇ ಟಿಕ್ ಕಂಡರೆ, ಡಯಲರ್‌ನಲ್ಲಿ `*#*#426#*#*` ಒತ್ತಿ. ಬಹಳ ಫೋನುಗಳಲ್ಲಿ ಪ್ಲೇ ಸರ್ವಿಸಸ್‌ನ ಸಂಪರ್ಕದ ಪುಟ ತೆರೆಯುತ್ತದೆ. ಅಲ್ಲಿ ಸಂಪರ್ಕ ಇಲ್ಲ ಎಂದು ತೋರಿಸಿದರೆ ತೊಂದರೆ ಯಾವ ಆ್ಯಪಿನಲ್ಲೂ ಇಲ್ಲ: ರಾತ್ರಿ ವೈಫೈ ರೂಟರ್ ಆರಿಸುತ್ತೀರಾ, ಪರದೆ ಆರಿದ ಮೇಲೆ ಡೇಟಾ ಕಡಿಯುವ ಯಾವುದಾದರೂ ಬ್ಯಾಟರಿ ಸೇವರ್ ಆನ್ ಇದೆಯಾ ಎಂದು ನೋಡಿಕೊಂಡು ಇಲ್ಲೇ ಕೆಳಗೆ ಬರೆಯಿರಿ.