ಮೀಮ್‌ನ ಹಳೆಯ ಸಾಲು ತೆಗೆದು ಹೊಸದನ್ನು ಕೂರಿಸುವ ಬಗ್ಗೆ

"ಗಿಂಪ್‌ನಲ್ಲಿ ಹೀಲ್ ಟೂಲ್ ಬಳಸಿ ಹಳೆಯ ಅಕ್ಷರ ಅಳಿಸಿದೆ, ಬೂದು ಕಲೆ ಉಳಿದಿದೆ. ಅದರ ಮೇಲೆ ಇಂಪ್ಯಾಕ್ಟ್‌ನಲ್ಲಿ ಕನ್ನಡ ಬರೆದರೆ ತೆಳ್ಳಗೆ ಕಾಣುತ್ತದೆ. ಏನು ಮಾಡಲಿ?"

ಆ ಕಲೆಯನ್ನು ಮಾಡಿರುವುದು ಹೀಲ್ ಟೂಲೇ. ಅದು ತಾನು ತಂದ ತುಂಡಿನ ಬಣ್ಣವನ್ನು ಬ್ರಶ್ಶಿನ ಅಂಚಿನಲ್ಲಿರುವ ಬಣ್ಣಕ್ಕೆ ಹೊಂದಿಸುತ್ತದೆ. ಅಂಚಿಗೆ ಕಪ್ಪು ಔಟ್‌ಲೈನ್ ತಾಗಿದರೆ ಆ ಕಪ್ಪೇ ಒಳಗೆ ಹರಡುತ್ತದೆ. ಆದ್ದರಿಂದ ಮೊದಲು ಕ್ಲೋನ್ ಟೂಲ್‌ನಿಂದ ಅಕ್ಷರವನ್ನು ಪೂರ್ತಿಯಾಗಿ ಮುಚ್ಚಿ, ಹೀಲ್ ಅನ್ನು ಕೊನೆಯಲ್ಲಿ ಕೂಡುಗೆರೆಗಳ ಮೇಲೆ ಮಾತ್ರ ಆಡಿಸಿ. ಔಟ್‌ಲೈನ್ ಮುಗಿದಲ್ಲಿಗೇ ನಿಲ್ಲಿಸಬೇಡಿ: ಹಲವರ ಫೋನ್ ಹಾದು ಬಂದ ಜೆಪೆಗ್‌ನಲ್ಲಿ ಅಕ್ಷರದ ಸುತ್ತಲೂ ಕೊಳೆಯಂತಹ ಚುಕ್ಕೆಗಳಿರುತ್ತವೆ, ಜೂಮ್ ಮಾಡಿದರೆ ಕಾಣುತ್ತವೆ. ಅವೂ ಹೋಗಬೇಕು.

ನಿಮ್ಮ ಚಿತ್ರದಲ್ಲಿ ಮೇಲಿನ ಸಾಲು ಬರಿಯ ಗೋಡೆಯ ಮೇಲಿದೆ, ಅದು ಸುಲಭ. ಕೆಳಗಿನದು ಚೌಕುಳಿ ಅಂಗಿಯ ಮೇಲಿರುವುದರಿಂದ, ಒಂದು ಗೆರೆಯಿಂದ ಅದೇ ಬಣ್ಣದ ಮುಂದಿನ ಗೆರೆಯವರೆಗಿನ ಅಂತರವನ್ನು ನೋಡಿಕೊಂಡು, ಅಷ್ಟೇ ದೂರದಲ್ಲಿ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ, Alignment ಅನ್ನು Aligned ಎಂದಿಡಿ. ಆಗ ಚೌಕಗಳು ಒಂದಕ್ಕೊಂದು ಕೂಡುತ್ತವೆ. ಅಂಗಿ ಮಡಿಸಿಕೊಂಡಿರುವ ಕಡೆ ಇದು ನಡೆಯುವುದಿಲ್ಲ, ಅಲ್ಲಿ ಸ್ವಲ್ಪ ಸ್ವಲ್ಪವೇ ತುಂಬಬೇಕು. ಇದೆಲ್ಲವನ್ನೂ Sample merged ಹಾಕಿಕೊಂಡು ಹೊಸ ಖಾಲಿ ಲೇಯರ್‌ನಲ್ಲಿಯೇ ಮಾಡಿ. ಮೂಲ ಚಿತ್ರದ ಮೇಲೆಯೇ ಬ್ರಶ್ ಆಡಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಈ ಗುಂಪಿನಲ್ಲಿ ಎಷ್ಟು ಬಾರಿ ಹೇಳಿದರೂ ಯಾರೂ ಕೇಳುತ್ತಿಲ್ಲ.

ಖಾಲಿ ಟೆಂಪ್ಲೇಟ್ ಹುಡುಕಿ ಎಂದು ಮೇಲೆ ಒಬ್ಬರು ಹೇಳಿದ್ದಾರೆ. ಹೆಸರಾದ ಮೀಮ್‌ಗಳಿಗೆ ಅದು ಸರಿ, ಮದುವೆಮನೆಯಲ್ಲಿ ತೆಗೆದ ಈ ಫೋಟೋಗೆ ಟೆಂಪ್ಲೇಟ್ ಎಲ್ಲಿಂದ ಬರಬೇಕು? ಕಪ್ಪು ಪಟ್ಟಿ ಹಾಕಿ ಎಂದವರು ಪ್ರಶ್ನೆಯನ್ನೇ ಓದಿಲ್ಲ. ವಿಡಿಯೋದ ಅಕ್ಷರ ಅಳಿಸುವ ಬಗ್ಗೆ ಕೇಳಿದವರು ಬೇರೆ ಪೋಸ್ಟ್ ಹಾಕಲಿ.

ಇಂಪ್ಯಾಕ್ಟ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ; ಅದರ ಜಾಗದಲ್ಲಿ ಕಂಪ್ಯೂಟರ್ ಬೇರೆ ಫಾಂಟ್ ತಂದು ತೋರಿಸುತ್ತದೆ. ಉಚಿತವಾಗಿ ಸಿಗುವ ಅನೇಕ್ ಕನ್ನಡದ ಎಕ್ಸ್‌ಟ್ರಾಬೋಲ್ಡ್ ಅನ್ನು ಕಂಡೆನ್ಸ್ಡ್ ಅಗಲದಲ್ಲಿ ಬಳಸಿ. ಬಾಲೂ ತಮ್ಮ ದುಂಡಗಿರುವುದರಿಂದ ಮೀಮ್‌ನ ಗಡಸುತನ ಬರುವುದಿಲ್ಲ. ನುಡಿಯ ಹಳೆಯ ಆಸ್ಕಿ ಪಠ್ಯವನ್ನು ನೇರವಾಗಿ ಅಂಟಿಸಬೇಡಿ, ಯುನಿಕೋಡ್‌ನಲ್ಲಿ ಟೈಪ್ ಮಾಡಿ. ನಡುವೆ ಬರುವ ಇಂಗ್ಲಿಷ್ ಪದಕ್ಕೆ ನಾನು ಆಂಟನ್ ಬಳಸುತ್ತೇನೆ, ಇಂಪ್ಯಾಕ್ಟೇ ಬೇಕೆನ್ನುವವರೂ ಇಲ್ಲಿದ್ದಾರೆ.

ಔಟ್‌ಲೈನ್‌ಗೆ, ಬಿಳಿ ಅಕ್ಷರದ ಲೇಯರ್ ಮೇಲೆ Alpha to Selection ಕೊಟ್ಟು, Select ಮೆನುವಿನ Grow ಆರಿಸಿ, ಅಕ್ಷರದ ಕೆಳಗೆ ಚಿತ್ರದಷ್ಟೇ ದೊಡ್ಡ ಹೊಸ ಲೇಯರ್ ಹಾಕಿ ಅದರಲ್ಲಿ ಕಪ್ಪು ತುಂಬಿ. ಅರುವತ್ತು ಪಿಕ್ಸೆಲ್ ಎತ್ತರದ ಅಕ್ಷರಕ್ಕೆ ಮೂರು ಪಿಕ್ಸೆಲ್ Grow ಸಾಕು. ಹೆಚ್ಚಾದರೆ 'ಕ್ಷ', 'ಷ್ಠ'ಗಳ ಒಳಸಂದುಗಳು ಕಪ್ಪಿನಿಂದ ಮುಚ್ಚಿಹೋಗುತ್ತವೆ. ಎರಡು ಸಾಲುಗಳಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗದಷ್ಟು ಅಂತರ ಕೊಡಿ. ಕೆಲಸದ ಕಡತವನ್ನು .xcf ಆಗಿ ಉಳಿಸಿಕೊಂಡು, ಹಂಚಲು ಪಿಎನ್‌ಜಿ ತೆಗೆಯಿರಿ.